ಸಾವಿರದ ಎರಡು ಆದಮೇಲೆ

ದೂರು ಬಂದದ್ದು ಮಂಗಳವಾರ ಬೆಳಗ್ಗೆ, ವಿಡಿಯೋದ ಕೆಳಗೆ, ಇನ್ನೂರ ಹದಿನೇಳನೆಯ ಕಾಮೆಂಟಾಗಿ.

'ಮೇಷ್ಟ್ರೇ, ಸ್ಟಾಪ್‌ವಾಚ್ ಹಿಡಿದು ನೋಡಿದೆ. ನಿಮ್ಮ ಮೂರು ಸೆಕೆಂಡು ಎರಡಕ್ಕೇ ಮುಗಿಯುತ್ತೆ. ಇದನ್ನ ನಂಬಿ ಗಾಡಿ ಓಡಿಸಿದ್ರೆ ಡಿಕ್ಕಿ ಹೊಡೆಯೋದಲ್ಲ, ಮುಂದಿನವನ ಡಿಕ್ಕಿಯೊಳಗೇ ಕೂತಿರ್ತೀವಿ.'

ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕುಳಿತು ಆಕೆ ಅದನ್ನು ಎರಡು ಸಲ ಓದಿದಳು. ವಿಡಿಯೋ ಎಡಿಟ್ ಮಾಡುವುದು ಅವಳ ಕೆಲಸ. ಒಂಬತ್ತು ಜನ ಗಿರಾಕಿಗಳು. ಎಲ್ಲರೂ ಕ್ಯಾಮೆರಾ ಮುಂದೆ ಕುಳಿತು ಮಾತಾಡುವವರೇ. ಹಲ್ಲಿನ ಡಾಕ್ಟರು, ಗಣಿತದ ಟೀಚರು, ಮನೆ ಪೇಂಟಿಂಗಿನ ಕಂಟ್ರಾಕ್ಟರು. ಒಂಬತ್ತರಲ್ಲಿ ಹಳಬರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವಳಿಗೆ 'ಕತ್ತರಿ' ಎಂದು ಹೆಸರಿಟ್ಟವರೂ ಅವರೇ. 'ನಾನು ಗಂಟೆಗಟ್ಟಲೆ ಮಾತಾಡ್ತೀನಿ, ಇವಳು ಕಚಕಚ ಅಂತ ನಲವತ್ತು ಸೆಕೆಂಡಿಗೆ ತರ್ತಾಳೆ' ಎಂದು ಶಿಷ್ಯರಿಗೆ ಪರಿಚಯಿಸಿದ್ದರು. ಹೆಸರು ನಿಂತುಬಿಟ್ಟಿತು. ಈಗ ಕೆಳಗಿನ ಅಂಗಡಿಯವನೂ ಹಾಗೆಯೇ ಕರೆಯುತ್ತಾನೆ.

ಕತ್ತರಿ ವಿಡಿಯೋವನ್ನು ತೆರೆದು ಎಣಿಸಿದಳು. ಮುಂದಿನ ವಾಹನ ಒಂದು ಕಂಬ ದಾಟಿದ ಕ್ಷಣದಿಂದ ಮೇಷ್ಟ್ರು ಎಣಿಸಲು ಶುರುಮಾಡುತ್ತಾರೆ: 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು.' ಎಣಿಕೆ ಮುಗಿಯುವ ಮೊದಲೇ ನೀವು ಆ ಕಂಬ ತಲುಪಿದರೆ ತೀರಾ ಹತ್ತಿರವಿದ್ದೀರಿ ಎಂದರ್ಥ. ಪಾಠ ಸರಿ. ಎಣಿಕೆ ಮಾತ್ರ ಐವತ್ತು ಫ್ರೇಮಿನಲ್ಲಿ ಮುಗಿದಿತ್ತು. ಸೆಕೆಂಡಿಗೆ ಇಪ್ಪತ್ತೈದು ಫ್ರೇಮು; ಎಂದರೆ ಸರಿಯಾಗಿ ಎರಡು ಸೆಕೆಂಡು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ತಪ್ಪಿಹೋದ ಆ ಒಂದು ಸೆಕೆಂಡು ಹದಿನಾರೂವರೆ ಮೀಟರಿಗೂ ಹೆಚ್ಚು. ಕಾಮೆಂಟು ಹಾಕಿದವನದು ಕುಚೋದ್ಯವಾಗಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ತಕ್ಷಣ ತಿಳಿಯಿತು. ಮಾತಿನ ನಡುವೆ ಬರುವ ಮೌನವನ್ನು ಹುಡುಕಿ ತಾನೇ ತೆಗೆದುಹಾಕುವ ಸಾಫ್ಟ್‌ವೇರ್ ಇದೆ. ಅದಕ್ಕೆ ಎಣಿಕೆಯ ನಡುವಿನ ಮೌನ, ಮಾತು ಮರೆತಾಗಿನ ಮೌನ ಎಂಬ ಭೇದವಿಲ್ಲ. ಒಂದಕ್ಕೂ ಎರಡಕ್ಕೂ ನಡುವೆ ಮೇಷ್ಟ್ರು ಬಿಟ್ಟ ಜಾಗವನ್ನು ಅದು ಕಸವೆಂದು ಗುಡಿಸಿತ್ತು.

ಆದರೆ ಆ ಸಾಫ್ಟ್‌ವೇರನ್ನು ಓಡಿಸಿದವಳು ಕತ್ತರಿಯಲ್ಲ, ಮೇಷ್ಟ್ರ ಮಗಳು.

ಆರು ತಿಂಗಳ ಹಿಂದಿನವರೆಗೆ ಪದ್ಧತಿ ಬೇರೆಯೇ ಇತ್ತು. ಮಗಳು ರೆಕಾರ್ಡ್ ಮಾಡಿ ಪೂರ್ತಿ ಕಳಿಸುತ್ತಿದ್ದಳು. ಕತ್ತರಿ ಅದನ್ನು ಕೇಳಿ, ಮಾತು ಎಲ್ಲಿ ತಿರುಗುತ್ತದೋ ಅಲ್ಲಿ ಮಾತ್ರ ದೃಶ್ಯ ಬದಲಿಸುತ್ತಿದ್ದಳು. ಮೊದಲ ವಾಕ್ಯಕ್ಕೆ ಮೇಷ್ಟ್ರ ಮುಖ. 'ಕ್ಲಚ್ಚು' ಎಂದಾಗ ಕಾಲು. ಎಚ್ಚರಿಕೆಯ ಮಾತು ಬಂದಾಗ ಮುಖ ಸ್ವಲ್ಪ ಹತ್ತಿರ, ಚಿತ್ರದ ಅಳತೆ ಶೇಕಡಾ ನೂರರಿಂದ ನೂರ ಹದಿನೈದಕ್ಕೆ. ತೂಕದ ಮಾತಾದರೆ ಆರು ಸೆಕೆಂಡಾದರೂ ಏನನ್ನೂ ಮುಟ್ಟದೆ ಬಿಡುತ್ತಿದ್ದಳು. ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಹತ್ತೋ ಹನ್ನೊಂದೋ ಬದಲಾವಣೆ.

ಆಮೇಲೊಂದು ದಿನ ಮಗಳು ಹೊಸ ನಿಯಮ ತಂದಳು. ಎರಡು ಸೆಕೆಂಡಿಗೊಮ್ಮೆ ಏನಾದರೂ ಬದಲಾಗಲೇಬೇಕು. ಜೊತೆಗೆ, ಮೌನ ತೆಗೆಯುವ ಮೊದಲ ಒರಟು ಕತ್ತರಿಕೆಯನ್ನು ತಾನೇ ಮಾಡಿ ಕಳಿಸುತ್ತೇನೆ, ಫೈಲು ಸಣ್ಣದಾಗುತ್ತದೆ ಎಂದಳು.

ಆಗ ಕತ್ತರಿ ವಾದಿಸಿದ್ದಳು. 'ಅಕ್ಕಾ, ಎರಡೆರಡು ಸೆಕೆಂಡಿಗೆ ಒಂದೇ ಸಮ ಬದಲಾಯಿಸಿದ್ರೆ ನಲ್ಲಿ ತೊಟ್ಟಿಕ್ಕಿದ ಹಾಗಿರುತ್ತೆ. ಹತ್ತನೇ ಹನಿಗೆ ಕಿವಿ ಕೇಳೋದೇ ಬಿಡುತ್ತೆ. ಬದಲಾವಣೆಗೊಂದು ಕಾರಣ ಬೇಕು.'

'ಈಗಿನವರ ಗಮನ ಅಷ್ಟೇ ಕಣೇ. ಹೆಬ್ಬೆರಳು ಮೇಲಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕು?'

'ಹೋಗೋದು ಮೊದಲ ಮೂರು ಸೆಕೆಂಡಿಗೆ. ಅಲ್ಲಿ ಬೇಕಾದ್ರೆ ಬಿಗಿ ಮಾಡೋಣ. ಪೂರ್ತಿ ಯಾಕೆ?'

'ಪೂರ್ತಿ ಮಾಡು' ಎಂದಿದ್ದಳು ಮಗಳು. ಅವಳ ದನಿ ಅಂದು ಎಂದಿನಂತಿರಲಿಲ್ಲ.

ಎರಡು ತಿಂಗಳು ಬಿಟ್ಟು ಕತ್ತರಿ ಅಂಕಿ ತೆಗೆದಳು. ಮೊದಲು ನೂರು ಜನರಲ್ಲಿ ಮೂವತ್ತೆಂಟು ಜನ ಕೊನೆಯವರೆಗೆ ನೋಡುತ್ತಿದ್ದರು. ಎರಡು ಸೆಕೆಂಡಿನ ನಿಯಮ ಬಂದ ಮೇಲೆ ಮೂವತ್ತೇಳು. ಲಾಭ ಸೊನ್ನೆ, ಕೆಲಸ ದುಪ್ಪಟ್ಟು. ಅದನ್ನು ಕಳಿಸಿದಾಗ ಮಗಳಿಂದ ಬಂದ ಉತ್ತರ ಒಂದೇ ಸಾಲು: 'ಇರಲಿ, ಹೀಗೇ ಮಾಡು.' ಗಿರಾಕಿ ಹೇಳಿದಂತೆ ಮಾಡುವುದು ಕಸುಬು. ಕತ್ತರಿ ಮಾಡಿದಳು. ಈಚಿನ ವಿಡಿಯೋಗಳಲ್ಲಿ ಇಪ್ಪತ್ತೆರಡು, ಇಪ್ಪತ್ತಾರು ಬದಲಾವಣೆ. ನೋಡುಗರು 'ಮೇಷ್ಟ್ರು ಈಗ ಬುಲೆಟ್ ಥರ ಮಾತಾಡ್ತಾರೆ' ಎಂದು ಹೊಗಳುತ್ತಿದ್ದರು.

ಇವತ್ತು ಅವಳು ಮಗಳಿಗೆ ಫೋನು ಮಾಡಿದಳು.

'ಅಕ್ಕಾ, ಮೂರು ಸೆಕೆಂಡಿನ ವಿಡಿಯೋ ಚಾನೆಲಿಂದ ತೆಗೆದು ಮತ್ತೆ ಹಾಕ್ಬೇಕು. ಎಣಿಸೋ ಜಾಗದಲ್ಲಿ ಮೌನ ಹೋಗಿಬಿಟ್ಟಿದೆ. ಕತ್ತರಿಸದ ಫೈಲು ಕಳ್ಸಿ.'

'ಅದು ಅಳಿಸಿಬಿಟ್ಟೆ.'

'ಶನಿವಾರ ತಾನೇ ತೆಗೆದಿದ್ದು? ಕ್ಯಾಮೆರಾ ಕಾರ್ಡಲ್ಲಿ ಇರ್ಬೇಕಲ್ಲ.'

'ಇಲ್ಲ ಅಂದ್ನಲ್ಲ. ಎಣಿಸೋ ಜಾಗದಲ್ಲಿ ರಸ್ತೆ ಚಿತ್ರ ಹಾಕು, ಮಧ್ಯ ಜಾಗ ಬಿಟ್ಟು ದನಿ ಹಿಗ್ಗಿಸು. ಆಗುತ್ತಲ್ವಾ?'

'ಆಗುತ್ತೆ. ಆದ್ರೆ ಇದೊಂದು ಕಡೆ ಏನೂ ಬದಲಾಗಬಾರದು ಅಕ್ಕಾ. ಮೇಷ್ಟ್ರ ಮುಖ ಇಟ್ಟು ಮೂರು ಸೆಕೆಂಡು ಹಾಗೇ ಬಿಡ್ಬೇಕು. ಮೂರು ಸೆಕೆಂಡು ಎಷ್ಟು ಉದ್ದ ಅಂತ ಜನಕ್ಕೆ ಗೊತ್ತಾಗೋದೇ ಆಗ.'

'ನಾನು ಲೈಸೆನ್ಸ್ ಆಫೀಸಲ್ಲಿ ಕ್ಯೂನಲ್ಲಿದ್ದೀನಿ. ಆಮೇಲೆ ಮಾತಾಡೋಣ' ಎಂದು ಆಕೆ ಫೋನಿಟ್ಟಳು.

ಕತ್ತರಿ ಸ್ಕೂಲಿನ ನಂಬರಿಗೆ ಮಾಡಿದಳು. ಎತ್ತಿದವರು ಮೇಷ್ಟ್ರೇ.

'ಕಾರ್ಡಾ? ಕ್ಯಾಮೆರಾದಲ್ಲೇ ಇರ್ಬೇಕಲ್ಲಮ್ಮ. ತಂದುಕೊಡ್ಲಾ? ನಿನ್ನ ತಂಗಿ ಪಾಠ ನಾಲ್ಕಕ್ಕೆ. ಅದಕ್ಕೆ ಮುಂಚೆ ಆ ಕಡೆ ಬರ್ತೀನಿ.'

ಮೂರೂವರೆಗೆ ಕೆಳಗೆ ಎರಡು ಸಲ ಹಾರನ್ ಆಯಿತು. ಕಿಟಕಿಯಿಂದ ನೋಡಿದರೆ, ಮೇಲೆ ಹಳದಿ ಫಲಕ ಹೊತ್ತ ಕಾರು ಎರಡು ಬೈಕುಗಳ ನಡುವೆ, ಅಳತೆ ಹಿಡಿದು ಇಟ್ಟ ಹಾಗೆ ನಿಂತಿತ್ತು. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಅರವತ್ತೆರಡು ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

'ತಗೋ. ನನ್ನ ಮಗಳಿಗೆ ಮಾತ್ರ ಹೇಳ್ಬೇಡ. ಕ್ಯಾಮೆರಾ ಮುಟ್ಟಿದ್ರೆ, ಸ್ಟೇರಿಂಗ್ ಮುಟ್ಟಿದ ಮಗೂನ ಬೈದ ಹಾಗೆ ಬೈತಾಳೆ.'

'ಕೂತ್ಕೊಳಿ ಮೇಷ್ಟ್ರೇ. ಟೀ ತರಿಸ್ತೀನಿ.'

'ಬೇಡಮ್ಮ. ನಿನ್ನ ತಂಗಿ ಕಾಯ್ತಿರ್ತಾಳೆ. ಒಳ್ಳೇ ಕೈ ಅವಳದ್ದು. ಹೆದರಿಕೆ ಜಾಸ್ತಿ, ಆದ್ರೆ ಹೆದರಿಕೆ ಇರೋರೇ ಚೆನ್ನಾಗಿ ಕಲಿಯೋದು. ಇವತ್ತು ವರ್ತುಲ ರಸ್ತೆಗೆ ಕರ್ಕೊಂಡು ಹೋಗ್ತೀನಿ.'

'ಅಷ್ಟು ಬೇಗ ದೊಡ್ಡ ರಸ್ತೆಗಾ? ಹನ್ನೊಂದು ಪಾಠ ಆಗಿದೆ ಅಷ್ಟೇ.'

ಮೇಷ್ಟ್ರು ನಕ್ಕರು. 'ಕಲಿಯೋರ ಕಾರಿಗೆ ಎರಡು ಬ್ರೇಕು. ಒಂದು ಅವಳ ಕಾಲಲ್ಲಿ, ಇನ್ನೊಂದು ನನ್ನ ಕಾಲಲ್ಲಿ. ಅವಳದ್ದು ಮರೆತ್ರೂ ನನ್ನದು ಮರೆಯೋದಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಗೀರು ತೋರ್ಸು ನೋಡೋಣ.'

ಅವರು ಇಳಿದುಹೋದರು. ಕಾರು ಬೈಕುಗಳ ನಡುವಿನಿಂದ ಹಿಂದಕ್ಕೆ ಸರಿದು ಹೊರಟಿತು.

ಕತ್ತರಿ ಕಾರ್ಡನ್ನು ಹಾಕಿದಳು. ನಾಲ್ಕು ರೆಕಾರ್ಡಿಂಗುಗಳಿದ್ದವು. ಮೂರು ಸೆಕೆಂಡಿನದು ಕೊನೆಯದು. ಅದನ್ನು ಟೈಮ್‌ಲೈನಿಗೆ ಎಳೆದಾಗ ಕೆಳಗೆ ದನಿಯ ಗೆರೆ ಮೂಡಿತು. ಗೆರೆಯಲ್ಲಿ ಮಾತು ಗುಡ್ಡದಂತೆ, ಮೌನ ಬಯಲಿನಂತೆ ಕಾಣುತ್ತದೆ. ಎಣಿಕೆ ಇರುವ ಕಡೆ ಎರಡು ಸಣ್ಣ ಗುಡ್ಡ, ಆಮೇಲೆ ಉದ್ದನೆಯ ಬಯಲು, ಬಯಲು ದಾಟಿ ಮತ್ತೆ ಗುಡ್ಡ. ಅಷ್ಟು ಉದ್ದದ ಬಯಲು ಅಲ್ಲಿರಬಾರದಿತ್ತು.

ಅವಳು ಪ್ಲೇ ಒತ್ತಿದಳು.

'ಸಾವಿರದ ಒಂದು' ಎಂದರು ಮೇಷ್ಟ್ರು, ಬೆರಳು ಎತ್ತಿ. 'ಸಾವಿರದ ಎರಡು.'

ಅಲ್ಲಿಗೆ ನಿಂತರು. ಎತ್ತಿದ ಬೆರಳು ನಿಧಾನವಾಗಿ ಇಳಿಯಿತು. ಕಣ್ಣು ತೆರೆದೇ ಇದ್ದವು, ಕ್ಯಾಮೆರಾ ಕಡೆಗೇ ಇದ್ದವು, ಆದರೆ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ವಿಡಿಯೋ ಸಿಕ್ಕಿಹಾಕಿಕೊಂಡಿತೆಂದು ಕತ್ತರಿಯ ಕೈ ಮೌಸಿನತ್ತ ಹೋಯಿತು. ಆದರೆ ಹಿಂದಿನ ಹಲಗೆಯಲ್ಲಿ ತೂಗುಹಾಕಿದ್ದ ಕೀಲಿಗೊಂಚಲುಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ಆಡುತ್ತಿದ್ದವು. ಚಿತ್ರ ಓಡುತ್ತಿತ್ತು. ನಿಂತಿದ್ದವರು ಮೇಷ್ಟ್ರು. ಅವರ ಬಲಗೈ ಅಂಗಿಯ ಮೂರನೆಯ ಗುಂಡಿಯನ್ನು ಹಿಡಿದು ಬಿಚ್ಚುವಂತೆ ತಿರುವುತ್ತಿತ್ತು. ತುಟಿ ಏನನ್ನೋ ಚಪ್ಪರಿಸುವಂತೆ ಸಣ್ಣಗೆ ಅಲುಗುತ್ತಿತ್ತು. ಬಯಲಿನ ಗೆರೆಯ ಮೇಲೆ ಸಾಸಿವೆ ಕಾಳಿನಷ್ಟು ಕಾಣುತ್ತಿದ್ದ ಚುಕ್ಕೆಗಳು ಆ ಚಪ್ಪರಿಕೆಯವು.

ಹನ್ನೊಂದು ಸೆಕೆಂಡು, ಏಳು ಫ್ರೇಮು.

ಆಮೇಲೆ ಅವರು ರೆಪ್ಪೆ ಬಡಿದು, 'ಹಾಂ?' ಎಂದರು.

ಕ್ಯಾಮೆರಾದ ಹಿಂದಿನಿಂದ ಮಗಳ ದನಿ ಬಂತು. 'ಎರಡು ಆಯ್ತು ಅಪ್ಪ. ಮೂರು ಹೇಳಿ.'

'ಸಾವಿರದ ಮೂರು' ಎಂದರು ಮೇಷ್ಟ್ರು, ಏನೂ ಆಗಿಲ್ಲವೆಂಬಂತೆ. ಅವರ ಪಾಲಿಗೆ ಏನೂ ಆಗಿರಲಿಲ್ಲ.

ಕತ್ತರಿ ಅದನ್ನು ಮತ್ತೆ ನೋಡಿದಳು. ಈ ಸಲ ಅವಳ ಗಮನ ಹೋದದ್ದು ಮೇಷ್ಟ್ರ ಕಣ್ಣಿಗಲ್ಲ, ಮಗಳ ದನಿಗೆ. ಅದರಲ್ಲಿ ಗಾಬರಿ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಮಗುವಿನ ಕೈಯಿಂದ ಜಾರಿದ ಚಮಚವನ್ನು ದಿನಕ್ಕೆ ಹತ್ತು ಸಲ ಎತ್ತಿಕೊಡುವ ತಾಯಿಯ ದನಿ ಅದು.

ಉಳಿದ ಮೂರನ್ನೂ ತೆರೆದಳು. ಈಗ ಕೇಳುವ ಅಗತ್ಯವಿರಲಿಲ್ಲ, ಗೆರೆಯಲ್ಲಿ ಬಯಲು ಹುಡುಕಿದರೆ ಸಾಕಿತ್ತು. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಒಂದು, ಹತ್ತೊಂಬತ್ತು ಸೆಕೆಂಡು. ಮೂರನೆಯದರಲ್ಲಿ ಎರಡು. ಪ್ರತಿ ಸಲವೂ ಅದೇ ಗುಂಡಿ, ಅದೇ ತುಟಿ, ಕೊನೆಗೆ ಅದೇ ಮೆಲುದನಿ: 'ಬ್ರೇಕ್ ಲೈಟಿನ ತನಕ ಹೇಳಿದ್ರಿ ಅಪ್ಪ.'

ಎರಡು ಸೆಕೆಂಡಿನ ನಿಯಮ ಯಾಕೆ ಬಂತೆಂದು ಈಗ ಅರ್ಥವಾಯಿತು. ಆರು ಸೆಕೆಂಡು ಹಾಗೇ ಬಿಟ್ಟ ದೃಶ್ಯದಲ್ಲಿ ನಡುವೆ ಕತ್ತರಿಸಿ ಸೇರಿಸಿದ ಒಂದು ಜೋಡಣೆ ಇದ್ದರೆ ತಲೆ ಒಮ್ಮೆಲೇ ಜಿಗಿಯುತ್ತದೆ, ಯಾರ ಕಣ್ಣಿಗಾದರೂ ಬೀಳುತ್ತದೆ. ಎರಡು ಸೆಕೆಂಡಿಗೊಮ್ಮೆ ಮುಖ ಹತ್ತಿರ ಬಂದು, ದೂರ ಹೋಗಿ, ಗೇರು ಬಂದು, ಕನ್ನಡಿ ಬಂದರೆ ಇಪ್ಪತ್ತಾರು ಜೋಡಣೆಗಳ ನಡುವೆ ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಎಡಿಟ್ ಮಾಡಿದವಳೂ ಗಮನಿಸಿರಲಿಲ್ಲ. ಆ ಹೊಲಿಗೆಯನ್ನು ಮುಚ್ಚಿ ಇಸ್ತ್ರಿ ಹಾಕಿದ್ದು ಅವಳ ಕೈಯೇ.

ಇನ್ನೊಂದೂ ನೆನಪಾಯಿತು. ಮೇಷ್ಟ್ರ ಮೊಮ್ಮಗಳು ಪುಟ್ಟಿ ಮೊದಲು ದಿನಾ ತಾತನ ಕಾರಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಈಗ ವ್ಯಾನಿನಲ್ಲಿ ಹೋಗುತ್ತಾಳೆ. 'ಕಾರಲ್ಲಿ ಪುಟ್ಟಿಗೆ ವಾಂತಿ ಬರುತ್ತೆ' ಎಂದು ಮಗಳು ಹೇಳಿದ್ದು ಇದೇ ಕೋಣೆಯಲ್ಲಿ, ಹೊಸ ನಿಯಮ ಹೇಳಲು ಬಂದ ದಿನವೇ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಎಂಟು ನಿಮಿಷ.

ತಂಗಿಯ ಫೋನು ರಿಂಗಾಗಲಿಲ್ಲ. ಆಗುವುದಿಲ್ಲವೆಂದು ಕತ್ತರಿಗೆ ಗೊತ್ತಿತ್ತು. ಮೇಷ್ಟ್ರ ಕಾರು ಹತ್ತಿದವರು ಫೋನು ಆರಿಸಿ ಮುಂದಿನ ಪೆಟ್ಟಿಗೆಯಲ್ಲಿ ಹಾಕಬೇಕು, ಮೇಷ್ಟ್ರದೂ ಅಲ್ಲೇ. ಆ ನಿಯಮದ ಬಗ್ಗೆ ಒಂದು ವಿಡಿಯೋ ಇದೆ, ನಾಲ್ಕು ಲಕ್ಷ ಜನ ನೋಡಿದ್ದಾರೆ. ಎಡಿಟ್ ಮಾಡಿದ್ದು ಅವಳೇ.

ಮಗಳಿಗೆ ಮಾಡಿದಳು.

'ಅಕ್ಕಾ, ಕಾರ್ಡು ನನ್ನ ಹತ್ರ ಇದೆ. ನೋಡ್ದೆ.'

ಆ ಕಡೆ ಕ್ಯೂನ ಗದ್ದಲ ಕೇಳುತ್ತಿತ್ತು. ಯಾರೋ ನಂಬರು ಕೂಗುತ್ತಿದ್ದರು.

'ಅಪ್ಪ ಕೊಟ್ರಾ?'

'ಹೌದು. ಎಷ್ಟು ದಿನದಿಂದ?'

'ನಾನು ಮೊದಲು ನೋಡಿದ್ದು ಆರು ತಿಂಗಳ ಹಿಂದೆ. ಸುಸ್ತು ಅನ್ಕೊಂಡೆ. ಆಮೇಲೆ ಆ ವಿಡಿಯೋನ ಡಾಕ್ಟರಿಗೆ ತೋರಿಸ್ದೆ.' ಅವಳು ದನಿ ತಗ್ಗಿಸಿದಳು. 'ಬೀಳದೇ ಬರೋ ಮೂರ್ಛೆ ಇರಬಹುದು ಅಂದ್ರು. ಕರ್ಕೊಂಡು ಬನ್ನಿ, ಪರೀಕ್ಷೆ ಮಾಡ್ಬೇಕು, ಅಲ್ಲೀವರೆಗೆ ಗಾಡಿ ಮುಟ್ಟೋ ಹಾಗಿಲ್ಲ ಅಂದ್ರು.'

'ಮೇಷ್ಟ್ರಿಗೆ ಹೇಳಿದ್ರಾ?'

'ಹೇಗೆ ಹೇಳ್ಲಿ? ಅವರಿಗೆ ಅದು ಬಂದಿದ್ದೇ ಗೊತ್ತಾಗಲ್ಲ ಕಣೇ. ಕಾರಿನಿಂದ ಇಳಿಸಿದ್ರೆ ಅಪ್ಪ ಉಳಿತಾರಾ? ವಿಡಿಯೋಗೆ ಜನ ಬಂದ್ರೆ ಬೇರೆ ಮೇಷ್ಟ್ರನ್ನ ಇಟ್ಕೊಂಡು, ಅಪ್ಪ ಕ್ಯಾಮೆರಾ ಮುಂದೆ ಮಾತ್ರ ಕೂತ್ಕೊಳ್ಳೋ ಹಾಗೆ ಮಾಡೋಣ ಅಂತಿದ್ದೆ. ಇನ್ನೊಂದು ಎರಡು ತಿಂಗಳು.'

'ನನ್ನ ತಂಗಿ ಆ ಕಾರಲ್ಲಿದ್ದಾಳೆ ಅಕ್ಕಾ. ವರ್ತುಲ ರಸ್ತೆಯಲ್ಲಿ.'

'ಕಾರಲ್ಲಿ ಯಾವತ್ತೂ ಆಗಿಲ್ಲ.'

'ಆಗಿಲ್ಲ ಅಂತ ಹೇಗೆ ಗೊತ್ತು? ಅಲ್ಲಿ ಕ್ಯಾಮೆರಾ ಇಲ್ವಲ್ಲ.'

'ಸ್ಕೂಲಿಗೆ ಬರ್ತೀನಿ' ಎಂದಷ್ಟೇ ಹೇಳಿದಳು ಮಗಳು.

ಕತ್ತರಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಸ್ಕೂಟರು ಹತ್ತಿದಳು. ವರ್ತುಲ ರಸ್ತೆ ನಲವತ್ತು ಕಿಲೋಮೀಟರಿನದು. ಹುಡುಕಿಕೊಂಡು ಹೋಗುವುದು ಹುಲ್ಲಿನ ಮೆದೆಯಲ್ಲಿ ಸೂಜಿ ಹುಡುಕಿದ ಹಾಗೆ. ಐದಕ್ಕೆ ಕಾರು ಸ್ಕೂಲಿಗೆ ಮರಳಬೇಕು. ಅಲ್ಲಿ ಕಾಯುವುದೊಂದೇ ಉಳಿದ ದಾರಿ. ಸಿಗ್ನಲ್ಲಿನಲ್ಲಿ ನಿಂತಾಗ ಲೆಕ್ಕ ತಾನಾಗಿ ತಲೆಗೆ ಬಂತು. ಗಂಟೆಗೆ ಐವತ್ತು ಎಂದರೆ ಸೆಕೆಂಡಿಗೆ ಹದಿನಾಲ್ಕು ಮೀಟರು. ಹನ್ನೊಂದು ಸೆಕೆಂಡಿಗೆ ನೂರ ಐವತ್ತು. ಹತ್ತೊಂಬತ್ತಕ್ಕೆ ಇನ್ನೂರ ಅರವತ್ತು. ಅಷ್ಟು ದೂರ ಕಾರಿಗೆ ಇರುವುದು ಒಂದೇ ಬ್ರೇಕು, ಅದು ಹನ್ನೊಂದು ಪಾಠ ಕಲಿತವಳ ಕಾಲಲ್ಲಿ. ಎರಡನೆಯದು ಇದೆ ಎಂಬ ಧೈರ್ಯ ಬೇರೆ ಅವಳಿಗೆ.

ಡ್ರೈವಿಂಗ್ ಸ್ಕೂಲೆಂದರೆ ರಸ್ತೆ ಬದಿಯ ಒಂದು ಕೋಣೆ, ಅದರ ಮುಂದೆ ಕಾರು ತಿರುಗಿಸುವಷ್ಟು ಅಂಗಳ. ಕೋಣೆಯಲ್ಲಿ ಮೇಜು, ರಸ್ತೆ ಚಿಹ್ನೆಗಳ ಪಟ, ಕೀಲಿ ಹಲಗೆ, ಮೂಲೆಯಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾ. ಹಲಗೆಯ ಪಕ್ಕದ ಗೋಡೆಯಲ್ಲಿ ದುಂಡಗಿನ ಬಿಳಿ ಗುರುತಿತ್ತು. ಅಲ್ಲಿ ಮೊದಲೊಂದು ಗಡಿಯಾರವಿತ್ತು. ಅದರ ಸೆಕೆಂಡಿನ ಮುಳ್ಳು ವಿಡಿಯೋದಲ್ಲಿ ಕಾಣುತ್ತಿತ್ತು. ನಡುವೆ ಕತ್ತರಿಸಿದರೆ ಆ ಮುಳ್ಳು ಜಿಗಿಯುತ್ತದೆ; ಗಡಿಯಾರ ಯಾಕೆ ಹೋಯಿತೆಂದು ಕತ್ತರಿ ಯಾರನ್ನೂ ಕೇಳಬೇಕಿರಲಿಲ್ಲ.

ಮಗಳು ಐದಕ್ಕೆ ಐದು ನಿಮಿಷವಿರುವಾಗ ಬಂದಳು. ಇಬ್ಬರೂ ಅಂಗಳದಲ್ಲಿ ನಿಂತರು. ಐದೂವರೆ ಪಾಠದ ಹುಡುಗಿ, ಕಾಲೇಜು ಬ್ಯಾಗಿನವಳು, ಬೇಗನೆ ಬಂದು ಗೇಟಿನ ಹತ್ತಿರ ಕುಳಿತು ಫೋನು ನೋಡುತ್ತಿದ್ದಳು. ಅವಳ ಹೆಬ್ಬೆರಳು ಮೇಲಕ್ಕೆ, ಮೇಲಕ್ಕೆ ಹೋಗುತ್ತಿತ್ತು. ನಡುವೆ ಒಮ್ಮೆ ಮೇಷ್ಟ್ರ ದನಿ ಕೇಳಿತು, ಬುಲೆಟ್ಟಿನ ವೇಗದಲ್ಲಿ.

ಐದು ಕಳೆದು ಹತ್ತು ನಿಮಿಷ. ಐದು ಕಳೆದು ಹದಿನೆಂಟು.

'ಅಪ್ಪ ತಡ ಮಾಡೋರಲ್ಲ' ಎಂದಳು ಮಗಳು. ಕತ್ತರಿ ರಸ್ತೆಯ ತಿರುವನ್ನೇ ನೋಡುತ್ತಿದ್ದಳು.

ಐದು ಇಪ್ಪತ್ತೊಂದಕ್ಕೆ ಹಳದಿ ಫಲಕ ತಿರುವಿನಲ್ಲಿ ಕಾಣಿಸಿತು. ಕಾರು ಗೇಟಿನೊಳಗೆ ನಿಧಾನವಾಗಿ ಬಂದು ಸೊಟ್ಟಗೆ ನಿಂತಿತು. ಚಾಲಕಿಯ ಸೀಟಿನಿಂದ ತಂಗಿ ಇಳಿದಳು. ಮುಖ ಕೆಂಪಾಗಿತ್ತು, ಅಕ್ಕನನ್ನು ಕಂಡು ಅರಳಿತು.

'ಅಕ್ಕಾ, ನೀನ್ಯಾಕೆ ಬಂದೆ? ಇವತ್ತು ನಾನು ಒಬ್ಬಳೇ ಓಡಿಸ್ದೆ ಗೊತ್ತಾ? ಮೇಷ್ಟ್ರು ಬಾಯೇ ಬಿಡ್ಲಿಲ್ಲ.'

'ಬಾಯಿ ಬಿಡ್ಲಿಲ್ಲ ಅಂದ್ರೆ?'

'ಪರೀಕ್ಷೆ ಮಾಡ್ತಿದ್ರು ಅನ್ಸುತ್ತೆ. ಲಾರಿ ಹಿಂದೆ ಹೋಗ್ತಿದ್ವಿ. ಮೂರು ಸೆಕೆಂಡು ಬಿಡು ಅಂತ ದಿನಾ ಬೈತಾರಲ್ಲ, ಇವತ್ತು ಏನೂ ಅನ್ಲಿಲ್ಲ. ಲಾರಿ ಕೆಂಪು ದೀಪ ಹತ್ತಿತು. ಅವರೇ ಒತ್ತುತ್ತಾರೆ ಅಂತ ಕಾದೆ. ಒತ್ತಲಿಲ್ಲ. ನೋಡಿದ್ರೆ ಕಾಲು ಮ್ಯಾಟಿನ ಮೇಲಿದೆ. ಆಮೇಲೆ ನಾನೇ ಜೋರಾಗಿ ಒತ್ತಿದೆ. ಗಾಡಿ ಆಫ್ ಆಯ್ತು. ಹಿಂದಿನವನು ಬೈದ ಬೈಗುಳ ಕೇಳ್ಬೇಕಿತ್ತು ನೀನು. ಲಾರಿಗೂ ನಮಗೂ ಇಷ್ಟೇ ಇತ್ತು.' ಅವಳು ಎರಡು ಕೈ ಚಾಚಿ ತೋರಿಸಿದಳು. ಚಾಚಿದ ಕೈಗಳ ನಡುವಿನ ಆ ಅಳತೆಯನ್ನು ಅವಳೇ ಆಗ ನೋಡಿಕೊಂಡಳು. ನಗು ನಿಂತಿತು.

ಮೇಷ್ಟ್ರು ಆ ಕಡೆಯ ಬಾಗಿಲಿನಿಂದ ಇಳಿದು ಬಂದರು. ಅಂಗಿಯ ಮೂರನೆಯ ಗುಂಡಿ ಬಿಚ್ಚಿತ್ತು.

'ಇದೇನು, ಕತ್ತರಿ ಇಲ್ಲಿ? ತಂಗಿಗೆ ಹೇಳು, ಬ್ರೇಕು ಒತ್ತೋದು ಇರುವೆ ತುಳಿಯೋದಲ್ಲ ಅಂತ. ಸುಮ್ಮಸುಮ್ಮನೆ ಒತ್ತಿ ಗಾಡಿ ನಿಲ್ಲಿಸಿದ್ಲು ರಸ್ತೆ ಮಧ್ಯ.'

'ಸುಮ್ಮಸುಮ್ಮನೆ ಅಲ್ಲ ಮೇಷ್ಟ್ರೇ, ಲಾರಿ ಇತ್ತಲ್ಲ' ಎಂದಳು ತಂಗಿ.

'ಯಾವ ಲಾರಿ?'

ಮಗಳು ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತಳು.

'ಒಳಗೆ ಬನ್ನಿ ಮೇಷ್ಟ್ರೇ' ಎಂದಳು ಕತ್ತರಿ. 'ಒಂದು ವಿಡಿಯೋ ನೋಡ್ಬೇಕು. ಕತ್ತರಿಸಿಲ್ಲ.'

ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಎಣಿಕೆಯ ಜಾಗಕ್ಕೆ ಬಂದು ಪ್ಲೇ ಒತ್ತಿದಳು. ತೆರೆಯ ಮೇಲಿನ ಮೇಷ್ಟ್ರು 'ಸಾವಿರದ ಎರಡು' ಎಂದು ನಿಂತರು. ಮುಂದೆ ಕುಳಿತ ಮೇಷ್ಟ್ರು ಕಾದರು.

'ಸಿಕ್ಕಿಹಾಕ್ಕೊಂಡಿದೆ ನೋಡಮ್ಮ ನಿನ್ನ ಯಂತ್ರ.'

'ಇಲ್ಲ. ಹಿಂದೆ ಕೀಲಿ ನೋಡಿ.'

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಕೀಲಿಗಳು ಆಡುತ್ತಿದ್ದವು. ತಮ್ಮದೇ ಕೈ ತಮ್ಮದೇ ಗುಂಡಿಯನ್ನು ತಿರುವುವುದನ್ನು ನೋಡಿದರು. ಏನೂ ಬದಲಾಗದೆ ಅದೇ ಮುಖ, ಅದೇ ಅಳತೆಯಲ್ಲಿ, ಹನ್ನೊಂದು ಸೆಕೆಂಡು ತೆರೆಯ ಮೇಲೆ ನಿಂತಿತ್ತು. 'ಎರಡು ಆಯ್ತು ಅಪ್ಪ. ಮೂರು ಹೇಳಿ' ಎಂಬ ದನಿ ಬಂದಾಗ ಅವರು ತಲೆಯೆತ್ತಿ ಬಾಗಿಲಲ್ಲಿ ನಿಂತ ಮಗಳನ್ನು ನೋಡಿದರು.

'ಇನ್ನೊಂದು ಸಲ ಹಾಕು.'

ಕತ್ತರಿ ಹಾಕಿದಳು. ಈ ಸಲ ಅವರು ತೆರೆಯನ್ನು ಬಿಟ್ಟು ಕೈಗಡಿಯಾರ ನೋಡುತ್ತ ಕೇಳಿದರು.

'ಹನ್ನೊಂದು' ಎಂದರು. 'ನನಗೆ ಇದು ಗೊತ್ತೇ ಇಲ್ಲ.' ಆಮೇಲೆ, 'ನೀನು ಇದನ್ನ ಕತ್ತರಿಸ್ಬೇಕಿತ್ತಲ್ಲಮ್ಮ' ಎಂದರು.

'ಕತ್ತರಿಸ್ತಾನೇ ಇದ್ವಿ ಮೇಷ್ಟ್ರೇ. ಆರು ತಿಂಗಳಿಂದ.'

'ಆರು ತಿಂಗಳು' ಎಂದು ಮೇಷ್ಟ್ರು ತಮ್ಮಷ್ಟಕ್ಕೆ ಹೇಳಿಕೊಂಡರು. ಯಾವುದೋ ಲೆಕ್ಕವನ್ನು ಕೂಡಿಸುವವರಂತೆ ಗೋಡೆಯ ಬಿಳಿ ಗುರುತನ್ನು ನೋಡಿದರು. ನಂತರ ಮಗಳ ಕಡೆ ತಿರುಗಿದರು.

'ಪುಟ್ಟಿ ವ್ಯಾನಲ್ಲಿ ಹೋಗೋಕೆ ಶುರು ಮಾಡಿ ಎಷ್ಟು ದಿನ ಆಯ್ತಮ್ಮ?'

ಮಗಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

'ವಾಂತಿ ಅಂದಿದ್ದೆ' ಎಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ. 'ನಿನ್ನ ಮಗೂನ ಇಳಿಸ್ಕೊಂಡೆ. ಈ ಮಕ್ಕಳನ್ನೆಲ್ಲ ಹತ್ತಿಸಿದ್ಯಲ್ಲ.'

ಅವರ ಎಡಗೈ ಪ್ಯಾಂಟಿನ ಜೇಬಿನಿಂದ ಕಾರಿನ ಕೀಲಿಯನ್ನು ತೆಗೆದು ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಿತು. ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.

ಹೊರಗೆ ಐದೂವರೆ ಪಾಠದ ಹುಡುಗಿ ತಡವಾಯಿತೆಂದು ತಾನೇ ಹೋಗಿ ಚಾಲಕಿಯ ಸೀಟಿನಲ್ಲಿ ಕುಳಿತಿದ್ದಳು. ಕಲಿಸಿದ ಕ್ರಮದಲ್ಲೇ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಬೆಲ್ಟು ಹಾಕಿ, ಕನ್ನಡಿ ಸರಿಮಾಡುತ್ತಿದ್ದಳು. ಫೋನನ್ನು ಆರಿಸಿ ಪೆಟ್ಟಿಗೆಯಲ್ಲಿ ಹಾಕಿದಳು.

'ಮೇಷ್ಟ್ರೇ, ಬರ್ತೀರಾ?' ಎಂದು ಕೂಗಿದಳು.

'ಹೇಳಿ ಮೇಷ್ಟ್ರೇ ಅವಳಿಗೆ, ಇವತ್ತು ಪಾಠ ಇಲ್ಲ ಅಂತ' ಎಂದಳು ಕತ್ತರಿ.

ಮೇಷ್ಟ್ರು ಉತ್ತರಿಸಲಿಲ್ಲ. ಅವರ ಕಣ್ಣು ತೆರೆದಿತ್ತು, ಬಾಗಿಲ ಕಡೆಗೇ ಇತ್ತು. ಎಡಗೈ ಕೀಲಿಯ ಮೇಲಿತ್ತು. ಬಲಗೈ ಮೆಲ್ಲಗೆ ಮೇಲೆದ್ದು ಅಂಗಿಯ ಗುಂಡಿ ಇರುವ ಜಾಗವನ್ನು ಹುಡುಕಿತು. ದುಃಖದಲ್ಲಿರುವ ಯಾರ ಕೈಯಾದರೂ ಹಾಗೆ ಹುಡುಕೀತು.

ಹಲಗೆಯಲ್ಲಿ ಕೀಲಿಗೊಂಚಲುಗಳು ಆಡುತ್ತಿದ್ದವು. ಬಾಗಿಲಲ್ಲಿ ಮಗಳು ಸುಮ್ಮನೆ ನಿಂತಿದ್ದಳು. ಹೊರಗೆ ಹುಡುಗಿ ಮತ್ತೊಮ್ಮೆ ಕರೆದಳು.

ಸಾವಿರದ ಒಂದು, ಎಂದುಕೊಂಡಳು ಕತ್ತರಿ. ಸಾವಿರದ ಎರಡು.